ಜನವರಿ 17ರ ಅನ್ನಸಂತರ್ಪಣೆಯ ಅವ್ಯವಸ್ಥೆಗಾಗಿ ಭಕ್ತರಲ್ಲಿ ಕ್ಷಮಾಯಾಚನೆ

|| ಶ್ರೀ ಶನೀಶ್ವರಾಯ ನಮಃ ||

ವಾರ್ಷಿಕ ಶನಿ ಮಹಾಪೂಜಾ ಉತ್ಸವ ಸಮಿತಿ
ಭಾಂಡುಪ್ ಪಶ್ಚಿಮ, ಮುಂಬಯಿ
ದಿನಾಂಕ: 21 ಜನವರಿ 2026

ಮಾನ್ಯ ಭಕ್ತ ಬಾಂಧವರೇ,

ಕಳೆದ ಶನಿವಾರ ಶನಿಗ್ರಂಥ ಪಾರಾಯಣ ಮತ್ತು ಮಹಾಪೂಜೆ ಮುಗಿದ ಮೇಲೆ ನಡೆದ ಅನ್ನಸಂತರ್ಪಣೆಯಲ್ಲಿ ನಿಮ್ಮಲ್ಲಿ ಅನೇಕರು ಎರಡು ಗಂಟೆ ಸಾಲಿನಲ್ಲಿ ನಿಂತಿರಿ. ಕೆಲವರಿಗೆ ಬೇಯದ ಅನ್ನ ಸಿಕ್ಕಿತು. ಸುಮಾರು 370 ಮಂದಿ ಕೈಯಲ್ಲಿ ಬರಿ ಹಾಳೆತಟ್ಟೆ ಹಿಡಿದುಕೊಂಡು ಹಸಿದೇ ಮನೆಗೆ ಹೋದರು. ಕರೆದವರು ನಾವು. ಕರೆದು ಉಪವಾಸ ಕಳುಹಿಸಿದ ತಪ್ಪು ಸಮಿತಿಯದು. ಇದಕ್ಕಾಗಿ ತಲೆಬಾಗಿ ಕ್ಷಮೆ ಕೇಳುತ್ತೇವೆ.

ಅಡುಗೆಯವರು ಸರಿಯಿಲ್ಲ ಎಂಬ ಮಾತು ನಾಲ್ಕು ದಿನಗಳಿಂದ ಕೇಳಿಬರುತ್ತಿದೆ. ದಯವಿಟ್ಟು ಅವರನ್ನು ದೂರಬೇಡಿ. ಹೇಳಿದಷ್ಟನ್ನು ಅವರು ಹೊತ್ತಿಗೆ ಸರಿಯಾಗಿ ಬೇಯಿಸಿ ಇಳಿಸಿದ್ದರು. ಎಷ್ಟು ಬೇಯಿಸಬೇಕು, ಯಾರಿಗೆ ಮೊದಲು ಬಡಿಸಬೇಕು ಎಂದು ಹೇಳಬೇಕಾದ ನಾವೇ ಎಡವಿದೆವು. ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಪೂಜೆಗೆ 410 ರಶೀದಿ ಹರಿದಿದ್ದವು. ಒಂದು ರಶೀದಿಗೆ ಮನೆಯ ಮೂವರು ಎಂದು ಹಿಡಿದು 1,200 ಜನಕ್ಕೆ ಅಡುಗೆ ಹೇಳಿದೆವು. ಕಿಲೋ ಅಕ್ಕಿಗೆ ಹತ್ತು ಜನರಂತೆ 120 ಕಿಲೋ ಅಕ್ಕಿ. ಆದರೆ ಸ್ಟೇಷನ್ ದಾರಿಯಲ್ಲಿ ಕಟ್ಟಿದ ಬ್ಯಾನರಿನಲ್ಲಿ 'ಸರ್ವರಿಗೂ ಅನ್ನಪ್ರಸಾದ' ಎಂದು ನಾವೇ ಬರೆಸಿದ್ದೆವು. ಅದೇ ಚಿತ್ರ ವಾಟ್ಸಾಪಿನಲ್ಲಿ ಬದ್ಲಾಪುರದವರೆಗೂ ಹೋಯಿತು. ಸರ್ವರನ್ನೂ ಕರೆದ ಮೇಲೆ ರಶೀದಿ ಎಣಿಸಿ ಅಕ್ಕಿ ಅಳೆಯುವುದರಲ್ಲಿ ಅರ್ಥವೇ ಇರಲಿಲ್ಲ. ತಂದ 2,000 ಹಾಳೆತಟ್ಟೆಗಳಲ್ಲಿ ಕೊನೆಗೆ ಉಳಿದದ್ದು ನೂರರ ಒಂದು ಕಟ್ಟು. ಅಂದರೆ ಸಾಲಿಗೆ ಬಂದವರು ಸುಮಾರು 1,900.

ಅದರ ಮೇಲೆ, ಬೇಯಿಸಿದ 120 ಕಿಲೋ ಕೂಡ ಪೂರ್ತಿ ಸಾಲಿಗೆ ಬರಲಿಲ್ಲ. ವಿಶೇಷ ಸೇವೆ ಮಾಡಿಸಿದವರಿಗೆ ಮನೆಗೆ ಒಯ್ಯಲು ಪ್ರಸಾದದ ಪೊಟ್ಟಣ ಕೊಡುವುದಾಗಿ ಒಪ್ಪಿಕೊಂಡಿದ್ದೆವು. ರಾತ್ರಿ ಎಂಟು ಗಂಟೆಗೆ, ಒಬ್ಬರೂ ಉಣ್ಣುವ ಮೊದಲೇ, 150 ಪೊಟ್ಟಣ ಕಟ್ಟಿಸಿದೆವು. ಒಂದೊಂದಕ್ಕೆ 400 ಗ್ರಾಂ ಅನ್ನ. ಒಟ್ಟು 60 ಕಿಲೋ ಅನ್ನ, ಎಂದರೆ 22 ಕಿಲೋ ಅಕ್ಕಿ ಅಲ್ಲೇ ಹೋಯಿತು. ಪಾಯಸವಂತೂ ಅರ್ಧದಷ್ಟು ಡಬ್ಬಿಗಳಿಗೇ ಸುರಿಯಿತು. ಉಳಿದದ್ದು 980 ಜನಕ್ಕೆ ಸಾಲುವಷ್ಟು ಅನ್ನ.

8.15ಕ್ಕೆ ಶುರುವಾಗಬೇಕಿದ್ದ ಊಟ ಒಂಬತ್ತಕ್ಕೆ ಶುರುವಾಯಿತು. ಮಹಾಮಂಗಳಾರತಿ ತಡವಾಗಲಿಲ್ಲ, ಅದರ ಹಿಂದೆ ಬಂದ ಸನ್ಮಾನ ತಡವಾಯಿತು. ಹನ್ನೆರಡು ಶಾಲು, ಹನ್ನೆರಡು ಹಣ್ಣಿನ ಬುಟ್ಟಿ, ಅದಕ್ಕೆ ತಕ್ಕಷ್ಟು ಭಾಷಣ. ಮುಂಬಯಿಯ ನಮ್ಮ ಸಭೆಗಳಲ್ಲಿ ಇದು ಎಷ್ಟು ಉದ್ದವಾಗುತ್ತದೆ ಎಂದು ಗೊತ್ತಿದ್ದೂ ಊಟದ ಮುಂದೆ ಇಟ್ಟುಕೊಂಡೆವು. ಮುಕ್ಕಾಲು ಗಂಟೆ ಹಸಿದು ಕಾದ ಜನ ಒಟ್ಟಿಗೇ ಎದ್ದು ಒಂದೇ ಬಾಗಿಲಿಗೆ ಬಂದರು. ಒಳಹೋಗುವವರು, ಉಂಡು ಹೊರಬರುವವರು, ಕೈತೊಳೆಯುವವರು ಎಲ್ಲರಿಗೂ ಅದೇ ಬಾಗಿಲು. ಆ ನೂಕುನುಗ್ಗಲಿನಲ್ಲಿ ಹಿರಿಯ ತಾಯಿಯೊಬ್ಬರು ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡರು. ಸಮಿತಿಯವರು ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದಾರೆ. ಮೂಳೆ ಮುರಿದಿಲ್ಲ. ಚಿಕಿತ್ಸೆಯ ಪೂರ್ತಿ ಖರ್ಚು ಸಮಿತಿಯದು.

ಬಡಿಸಲು ಮೂರು ಕೌಂಟರ್ ಹಾಕಿದ್ದೆವು, ನಡೆದದ್ದು ಎರಡೇ. ಅನ್ನ, ಸಾರು, ಗಸಿ, ಪಲ್ಯ, ಪಾಯಸ ಇಷ್ಟನ್ನು ಬಡಿಸುವಾಗ ಒಂದು ಕೌಂಟರಿನಲ್ಲಿ ನಿಮಿಷಕ್ಕೆ ಹತ್ತು ತಟ್ಟೆ ದಾಟಿದರೆ ಹೆಚ್ಚು. ಮೂರನೆಯದಕ್ಕೆ ನಿಲ್ಲಬೇಕಿದ್ದ ಆರು ಮಂದಿ ಆ ಹೊತ್ತಿಗೆ ಮಾಳಿಗೆಯಲ್ಲಿ ಅತಿಥಿಗಳಿಗೆ ಬಾಳೆಲೆ ಹಾಕಿ ಬಡಿಸುತ್ತಿದ್ದರು. ಹಿಂಬಾಗಿಲಿನಿಂದ ಮೇಲೆ ಹೋದವರು ಸುಮಾರು 120 ಮಂದಿ. ಅವರಲ್ಲಿ ಸಮಿತಿಯವರ ಮನೆಮಂದಿಯೂ ಇದ್ದರು. ಅವರಿಗೆ ಎರಡು ಸಲ ಪಾಯಸ ಬಂತು, ಕೆಳಗೆ ಸಾಲಿನ ಮೂರನೇ ಎರಡರಷ್ಟು ಜನ ಪಾಯಸವನ್ನು ನೋಡಲೂ ಇಲ್ಲ. ನಮಗೆ ಬಂದ ದೂರುಗಳಲ್ಲಿ ಅನ್ನ ಸಾಲಲಿಲ್ಲ ಎಂದವರಿಗಿಂತ ಇದನ್ನು ಹೇಳಿದವರೇ ಹೆಚ್ಚು. ಶನಿದೇವರ ಸನ್ನಿಧಿಯಲ್ಲಿ ಪಂಕ್ತಿಭೇದ ಮಾಡಿದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ, ಕೊಡುವುದೂ ಇಲ್ಲ.

9.50ಕ್ಕೆ ಅನ್ನ ಮುಗಿಯಿತು. ಮುಗಿಯುತ್ತಿದೆ ಎಂದು ಅಡುಗೆಮನೆಗೆ ಗೊತ್ತಾದದ್ದು ಕೊನೆಯ ಕೊಪ್ಪರಿಗೆಯ ತಳ ಕಂಡಾಗ. ಈ ಪ್ರಮಾಣದಲ್ಲಿ ಅಕ್ಕಿ ತೊಳೆದು, ಎಸರು ಕುದಿಸಿ, ಬೇಯಿಸಿ ಇಳಿಸಲು ಐವತ್ತು ನಿಮಿಷವಾದರೂ ಬೇಕು. ಒಂಬತ್ತು ಗಂಟೆಗೇ ಸಾಲಿನ ಉದ್ದ ನೋಡಿ ಎಸರಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಎಣಿಸಲು ಯಾರನ್ನೂ ನೇಮಿಸಿರಲಿಲ್ಲ. ಆಮೇಲೆ ಗಡಿಬಿಡಿಯಲ್ಲಿ 20 ಕಿಲೋದ ಎರಡು ಪಾತ್ರೆ ಒಲೆಗೇರಿಸಿದೆವು. 19 ಕಿಲೋದ ಮೂರು ಸಿಲಿಂಡರಿನಲ್ಲಿ ಎರಡು ಆಗಲೇ ಖಾಲಿ. ಉಳಿದ ಒಂದಕ್ಕೇ ಎರಡು ದೊಡ್ಡ ಒಲೆ ಜೋಡಿಸಿದ್ದರಿಂದ ಸಿಲಿಂಡರ್ ತಣ್ಣಗಾಗಿ ಹೊರಮೈ ಬೆವರಿತು, ಅನಿಲದ ಒತ್ತಡ ಇಳಿದು ಉರಿ ಸಣ್ಣದಾಯಿತು. ನೀರು ಕುದಿಯುವ ಮುನ್ನವೇ ಅಕ್ಕಿ ಬಿತ್ತು. ಹೊರಗೆ ಗಲಾಟೆ ಜೋರಾದಾಗ, ಕಾಳು ಕಾಳಾಗಿದ್ದ ಅನ್ನವನ್ನೇ ಬಡಿಸಿ ಎಂದು ಹೇಳಿದವರು ನಾವು. ಭಟ್ಟರು ಇನ್ನು ಹದಿನೈದು ನಿಮಿಷ ಬೇಕೆಂದು ಎರಡು ಸಲ ಹೇಳಿದ್ದರು. ಸಾರಿಗೆ ಬಿಸಿನೀರು ಬೆರೆಸಿದ್ದೂ ನಮ್ಮ ಮಾತಿನಂತೆಯೇ. ಸೌಟು ಚಿಕ್ಕದು ಮಾಡಿ ಇನ್ನೂ ಸುಮಾರು 550 ಜನಕ್ಕೆ ಬಡಿಸಿದೆವು. ಉಳಿದವರ ಕೈಗೆ ಸಾಲಿನಲ್ಲೇ ತಟ್ಟೆ ಕೊಟ್ಟಾಗಿತ್ತು, ಕೊಡಲು ಅನ್ನವಿರಲಿಲ್ಲ.

ಕಡಲೆ ಸುವರ್ಣಗಡ್ಡೆ ಗಸಿ ಹುಳಿ ವಾಸನೆ ಬರುತ್ತಿತ್ತು ಎಂಬ ದೂರು ನಿಜ. ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಮಧ್ಯಾಹ್ನ ಮೂರಕ್ಕೆ ಆಗಿತ್ತು. ಒಲೆ ಖಾಲಿ ಮಾಡಬೇಕೆಂದು ಅದನ್ನು ಆಳದ ಪಾತ್ರೆಗೆ ತುಂಬಿ, ಮುಚ್ಚಳ ಬಿಗಿದು ಇಟ್ಟೆವು. ಪೂರ್ತಿ ಆರಲೂ ಇಲ್ಲ, ಬಿಸಿಯಾಗಿ ಉಳಿಯಲೂ ಇಲ್ಲ. ಕಾಯಿ ಹಾಕಿದ್ದು ಹಳಸಲು ಆ ಉಗುರುಬೆಚ್ಚಗೆಯೇ ಸಾಕು. ಗೊತ್ತಾದ ಕೂಡಲೇ ಕೊನೆಯ ಪಾತ್ರೆಯನ್ನು ಚೆಲ್ಲಿದೆವು, ಆದರೆ ಅಷ್ಟರಲ್ಲಿ ಕೆಲವರ ತಟ್ಟೆಗೆ ಬಿದ್ದಿತ್ತು. ಹೊಟ್ಟೆ ಕೆಟ್ಟ ಸುದ್ದಿ ಈವರೆಗೆ ಬಂದಿಲ್ಲ. ಯಾರಿಗಾದರೂ ತೊಂದರೆ ಆಗಿದ್ದರೆ ಸಂಕೋಚಪಡದೆ ತಿಳಿಸಿ, ವೈದ್ಯರ ಖರ್ಚು ನಾವು ಕೊಡುತ್ತೇವೆ.

ಕುಡಿಯುವ ನೀರಿನ 40 ಕ್ಯಾನುಗಳೂ ಹತ್ತು ಗಂಟೆಗೆ ಬರಿದಾದವು. ಕೈತೊಳೆಯಲು ಬೇರೆ ಡ್ರಮ್ ಇಡದೆ ಇದ್ದದ್ದೇ ಕಾರಣ.

ಇನ್ನೊಂದು ಮಾತು ಇದೆ. ಸಾಲಿನಲ್ಲಿದ್ದ ಅಕ್ಕಪಕ್ಕದ ಚಾಳಿನವರಿಗೆ, ಕೆಲಸ ಮುಗಿಸಿ ಬಂದ ಕೂಲಿಗಳಿಗೆ, ನಮ್ಮ ಸ್ವಯಂಸೇವಕರಲ್ಲಿ ಒಬ್ಬಿಬ್ಬರು 'ಪೂಜೆಗೆ ಬರಲಿಲ್ಲ, ಊಟಕ್ಕೆ ಮಾತ್ರ ಬಂದಿರಿ' ಎಂದರು. ಸರ್ವರಿಗೂ ಎಂದು ಬ್ಯಾನರ್ ಕಟ್ಟಿದವರು ಹೀಗೆ ಅನ್ನಬಾರದಿತ್ತು. ಆ ಮಾತು ಆಡಿದವರು ಸಮಿತಿಯ ಮುಂದೆ ಒಪ್ಪಿಕೊಂಡಿದ್ದಾರೆ. ಈ ಪತ್ರವನ್ನು ಮರಾಠಿ ಮತ್ತು ಹಿಂದಿಯಲ್ಲೂ ಬರೆಸಿ ಮಂದಿರದ ಫಲಕಕ್ಕೆ ಹಾಕುತ್ತಿದ್ದೇವೆ.

ಇದರ ಪ್ರಾಯಶ್ಚಿತ್ತವಾಗಿ ಫೆಬ್ರವರಿ 1, ಭಾನುವಾರ, ಮಧ್ಯಾಹ್ನ 12ರಿಂದ 3ರವರೆಗೆ ಅದೇ ಸಭಾಗೃಹದಲ್ಲಿ ಮತ್ತೊಮ್ಮೆ ಅನ್ನಸಂತರ್ಪಣೆ ಇಟ್ಟುಕೊಂಡಿದ್ದೇವೆ. ರಶೀದಿ ಬೇಡ, ಕಾಣಿಕೆ ತೆಗೆದುಕೊಳ್ಳುವುದಿಲ್ಲ. ಖರ್ಚನ್ನು ಸಮಿತಿಯ ಸದಸ್ಯರು ಕೈಯಿಂದ ಹಾಕುತ್ತಾರೆ. ನೀವು ಕೊಟ್ಟ ಅನ್ನದಾನ ನಿಧಿಯನ್ನು ಮುಟ್ಟುವುದಿಲ್ಲ, ಜನವರಿ 17ರಂದು ಆ ನಿಧಿಯಿಂದ ಆದ ಖರ್ಚಿನ ಪಟ್ಟಿ ಈ ಶನಿವಾರ ಫಲಕದಲ್ಲಿರುತ್ತದೆ.

ಊಟ 2,000 ಜನಕ್ಕೆ. ಪದಾರ್ಥ ಕಡಿಮೆ ಮಾಡಿದ್ದೇವೆ: ಅನ್ನ, ಸಾರು, ಒಂದು ಪಲ್ಯ, ಕಡಲೆಬೇಳೆ ಪಾಯಸ, ಮಜ್ಜಿಗೆ. ಕಾಯಿ ಅರೆದ ಪದಾರ್ಥ ಇಲ್ಲ. 200 ಕಿಲೋ ಅಕ್ಕಿಯನ್ನು 25 ಕಿಲೋದ ಎಂಟು ಕಂತಿನಲ್ಲಿ ಬೇಯಿಸುತ್ತೇವೆ. ಊಟ ಶುರುವಾಗುವಾಗ ನಾಲ್ಕು ಕಂತು ಬೆಂದಿರುತ್ತದೆ. ಹಾಳೆತಟ್ಟೆಯ ಪ್ರತಿ ಕಟ್ಟು ಬಿಚ್ಚಿದಾಗ ಒಬ್ಬರು ಒಲೆಯ ಬಳಿ ಹೋಗಿ ಹೇಳಿಬರುತ್ತಾರೆ. ಎರಡು ಕಟ್ಟು ಮುಗಿಯುವ ಹೊತ್ತಿಗೆ ಮುಂದಿನ ಎಸರು ಇಟ್ಟಾಗಿರಬೇಕು. ಆರು ಸಿಲಿಂಡರ್ ತರಿಸುತ್ತೇವೆ, ಒಂದಕ್ಕೆ ಒಂದೇ ಒಲೆ. ಹಾಗೂ ಮೀರಿ ಜನ ಬಂದರೆ ಒಲೆ ಬೇಡದ ಮೊಸರವಲಕ್ಕಿಗೆಂದು 20 ಕಿಲೋ ತೆಳು ಅವಲಕ್ಕಿ ಇರುತ್ತದೆ. ತಟ್ಟೆಯನ್ನು ಕೌಂಟರಿನ ಮುಂದೆಯೇ ಕೊಡುತ್ತೇವೆ, ಸಾಲಿನಲ್ಲಿ ಅಲ್ಲ.

ಎಲ್ಲರನ್ನೂ ಪಂಕ್ತಿಯಲ್ಲೇ ಕೂರಿಸಿ ಎಂದು ಹಲವರು ಕೇಳಿದ್ದೀರಿ. ನಮಗೂ ಅದೇ ಇಷ್ಟ. ಆದರೆ ಸಭಾಗೃಹದಲ್ಲಿ ಒಮ್ಮೆಗೆ ಕೂರುವುದು 240 ಮಂದಿ, ಎಲೆ ಎತ್ತಿ ಒರೆಸಿ ಮತ್ತೆ ಹಾಕುವುದೂ ಸೇರಿ ಒಂದು ಪಂಕ್ತಿಗೆ 35 ನಿಮಿಷ. 2,000 ಜನಕ್ಕೆ ಐದು ಗಂಟೆ ಹತ್ತಿರವಾಗುತ್ತದೆ. ಹಾಗಾಗಿ ನಾಲ್ಕು ಕೌಂಟರ್, ಮತ್ತು ಹಿರಿಯರು, ಗರ್ಭಿಣಿಯರು, ಕೈಗೂಸಿನ ತಾಯಂದಿರು, ಅಂಗವಿಕಲರಿಗೆ 80 ಕುರ್ಚಿಯ ಮೇಜಿನ ಪಂಕ್ತಿ. ಅಲ್ಲಿಗೆ ಸಾಲಿಲ್ಲ, ನೇರ ಬನ್ನಿ. ಒಳಗೆ ಬರುವುದು ರಸ್ತೆ ಕಡೆಯ ಬಾಗಿಲು, ಹೊರಗೆ ಹೋಗುವುದು ನಲ್ಲಿಗಳಿರುವ ಅಂಗಳದ ಬಾಗಿಲು.

ಮಾಳಿಗೆಗೆ ಬೀಗ ಹಾಕಿರುತ್ತದೆ. ಸನ್ಮಾನ, ಭಾಷಣ ಇಲ್ಲ. ಪೊಟ್ಟಣ ಕಟ್ಟುವುದು ಕೊನೆಯವರು ಉಂಡ ಮೇಲೆ, ಉಳಿದರೆ ಮಾತ್ರ. ಸಮಿತಿಯವರು ಮತ್ತು ಅವರ ಮನೆಯವರು ಎಲ್ಲರ ನಂತರ ಉಣ್ಣುತ್ತಾರೆ.

ಬಡಿಸಲು ಕೈಜೋಡಿಸುವವರಿದ್ದರೆ ಜನವರಿ 29ರೊಳಗೆ ಹೆಸರು ಕೊಡಿ. ಇನ್ನೂ ಹದಿನಾಲ್ಕು ಮಂದಿ ಬೇಕು. ಪೂರ್ತಿ ಮೂರು ಗಂಟೆ ನಿಲ್ಲಲು ಆಗುವವರೇ ಬನ್ನಿ, ಅರ್ಧದಲ್ಲಿ ಸೌಟು ಕೈಬದಲಾದರೆ ಅಳತೆ ತಪ್ಪುತ್ತದೆ. ದೂರು ಹೇಳುವವರು ದಿನವೂ ಸಂಜೆ 7ರಿಂದ 9ರವರೆಗೆ ಮಂದಿರದ ಕಚೇರಿಗೆ ಬರಬಹುದು. ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳಲ್ಲಿ ಒಬ್ಬರು ಖಂಡಿತ ಇರುತ್ತಾರೆ.

ನಿಮ್ಮ ಕ್ಷಮೆ ಕೋರುವ,

ಅಧ್ಯಕ್ಷರು
ಗೌರವ ಕಾರ್ಯದರ್ಶಿ
ಕೋಶಾಧಿಕಾರಿ
ಸಂಚಾಲಕರು, ಅನ್ನಸಂತರ್ಪಣೆ ಉಪಸಮಿತಿ

ವಿ.ಸೂ.: ಅಂದು ರಾತ್ರಿ ಬಿಟ್ಟುಹೋದ ಒಂದು ಕನ್ನಡಕ, ಎರಡು ಸ್ಟೀಲ್ ಡಬ್ಬಿ ಮತ್ತು ಏಳು ಜೊತೆ ಚಪ್ಪಲಿ ಕಚೇರಿಯಲ್ಲಿವೆ. ಗುರುತು ಹೇಳಿ ಒಯ್ಯಬಹುದು.