ಫಾರ್ವರ್ಡ್: ಇಂಗುಬಾವಿ ಕೊಟೇಶನ್ (34 ಮೇಲ್, ಮೇಲಿನ ಸಾರಾಂಶ ಓದಿದರೆ ಸಾಕು)

ವಿದ್ಯಾ ಅವರೇ, ನಮಸ್ಕಾರ.

ಖಜಾಂಚಿ ಕೆಲಸ ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಮಳೆನೀರು ಇಂಗಿಸುವ ಬಾವಿಯ ಬಗ್ಗೆ ಮಾರ್ಚ್‌ನಿಂದ ಓಡಾಡಿದ ಮೇಲ್‌ಗಳೆಲ್ಲ ಕೆಳಗಿವೆ. ಪೂರ್ತಿ ಓದಲು ಹೋಗಬೇಡಿ. ನಡುವೆ ಏಳೆಂಟು ಬರೀ ಪಾರ್ಕಿಂಗ್ ಜಗಳ. ಅದು ಬಾವಿಯೊಳಗೆ ಹೇಗೆ ಬಿತ್ತೋ ದೇವರಿಗೇ ಗೊತ್ತು.

ನಿಮ್ಮಿಂದ ಆಗಬೇಕಾದ್ದು ಇಷ್ಟೇ: ಎರಡನೇ ಕಂಟ್ರಾಕ್ಟರ್ ಹೇಳಿದ ರೇಟಿನಲ್ಲಿ ಫಿಲ್ಟರ್ ಸೇರಿದೆಯಾ ಇಲ್ವಾ ಅಂತ ಗುರುವಾರದೊಳಗೆ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ. ಶನಿವಾರ ಕಮಿಟಿ ಕೂರುತ್ತೆ. ಅವತ್ತೇ ಅಡ್ವಾನ್ಸ್ ಕೊಟ್ಟರೆ ಸೆಪ್ಟೆಂಬರ್ ಮಳೆಗೆ ಮುಂಚೆ ಕೆಲಸ ಮುಗಿಯಬಹುದು.

ಮೊದಲನೆಯವರದು 1,48,000 ರೂಪಾಯಿ, ಫಿಲ್ಟರ್ ಸೇರಿ. ಕಡಿಮೆ ಅಂತ ಎಲ್ಲರೂ ಖುಷಿಪಟ್ಟಿದ್ದರು. 18% ಜಿಎಸ್‌ಟಿ ಬೇರೆ ಅಂತ ಗೊತ್ತಾಗಿದ್ದು 19ನೇ ಮೇಲ್‌ನಲ್ಲಿ. ಅಲ್ಲಿಗೆ 1,74,640 ಆಯ್ತು. ಎರಡನೆಯವರದು ಜಿಎಸ್‌ಟಿ ಸೇರಿ 1,65,000. ಫಿಲ್ಟರೂ ಸೇರಿದ್ದರೆ ಇವರೇ ಕಡಿಮೆ.

ತೀರ್ಮಾನ ಆಗಿರುವುದು: ಎರಡು ಬಾವಿ, 3 ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗ್. ಜಾಗ ಜನರೇಟರ್ ಪಕ್ಕ. ಮೊದಲು ಗೇಟ್ ಹತ್ತಿರ ಅಂತಿತ್ತು. ಆದರೆ ಅಲ್ಲೇ ಎಸ್‌ಟಿಪಿ ಟ್ಯಾಂಕ್ ಇದೆ, ಸೋರಿದರೆ ಗಲೀಜು ನೀರು ಬಾವಿಗೆ ಇಳಿಯುತ್ತೆ. ಹಾಗಾಗಿ 22ನೇ ಮೇಲ್‌ನ ಡ್ರಾಯಿಂಗ್ ನೋಡಿ, 5ನೆಯದು ಹಳೆಯದು.

"ಒಂದೇ ಬಾವಿ ಸಾಲದಾ?" ಅಂತ ಎ ಬ್ಲಾಕ್ ಅಂಕಲ್ ನಿಮ್ಮನ್ನೂ ಕೇಳುತ್ತಾರೆ. ನಮ್ಮ ತಾರಸಿ 600 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ 600 ಲೀಟರ್. 50 ಮಿಲಿಮೀಟರ್ ಜೋರು ಮಳೆಗೆ ಹೆಚ್ಚುಕಮ್ಮಿ 30,000 ಲೀಟರ್. ಒಂದು ಬಾವಿ ಹಿಡಿಯೋದು ಸುಮಾರು 4,000. ಮೊದಲು ಸಂಪ್ ತುಂಬಿ, ಉಳಿದದ್ದು ಬಾವಿಗೆ ಹೋಗಿ ಇಂಗಬೇಕು. ಎರಡೂ ಜಾಸ್ತಿಯೇನಲ್ಲ.

ಒಂದು ಎಚ್ಚರಿಕೆ. ಹಳೇ ಮೇಲ್‌ಗಳ ಸಿಸಿಯಲ್ಲಿ ಮೊದಲನೇ ಕಂಟ್ರಾಕ್ಟರ್ ಇದ್ದಾರೆ. ಇಲ್ಲಿ ತೆಗೆದಿದ್ದೇನೆ. ಹಳೆಯದಕ್ಕೆ ರಿಪ್ಲೈ ಆಲ್ ಒತ್ತಿದರೆ ಇನ್ನೊಬ್ಬರ ರೇಟ್ ಅವರಿಗೆ ಹೋಗಿಬಿಡುತ್ತೆ. ಒಮ್ಮೆ ನಾನೇ ಒತ್ತುವುದರಲ್ಲಿದ್ದೆ!

ಪ್ರಕಾಶ್
ಸಿ-304

---------- ಫಾರ್ವರ್ಡ್ ಮಾಡಿದ ಮೇಲ್ ----------
ಇಂದ: ಕಾರ್ಯದರ್ಶಿ
ವಿಷಯ: ಮರು: ಮರು: ಇಂಗುಬಾವಿ ಕೊಟೇಶನ್

ಪ್ರಕಾಶ್, ಫಿಲ್ಟರ್ ವಿಷಯ ಇನ್ನೂ ಹಾಗೇ ಇದೆ ಅಲ್ವಾ? ನಾನು ಊರಿಗೆ ಹೊರಟಿದ್ದೇನೆ. ಹೊಸ ಖಜಾಂಚಿಯವರಿಗೆ ಒಪ್ಪಿಸಿಬಿಡಿ.

> ಇಂದ: ಪ್ರಕಾಶ್
> ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸೋಮವಾರ ಮತ್ತೆ ನೋಡುತ್ತೇನೆ.

>> ಇಂದ: ಎ ಬ್ಲಾಕ್
>> ಒಂದೇ ಬಾವಿ ಸಾಕು ಅನ್ನೋದು ನನ್ನ ಅಭಿಪ್ರಾಯ. ಮತ್ತೆ, ನನ್ನ ಜಾಗದಲ್ಲಿ ಬಿಳಿ ಕಾರು ಇನ್ನೂ ನಿಂತಿದೆ.