ಜುಲೈ ತಿಂಗಳ ಓದು: ‘ಕರ್ವಾಲೊ’

ಗೆಳೆಯರೇ, ಕಳೆದ ತಿಂಗಳ ದಪ್ಪ ಪುಸ್ತಕದಿಂದ ಸುಧಾರಿಸಿಕೊಳ್ಳುತ್ತಿರುವವರಿಗೆ ಈ ಸಲ ತೆಳ್ಳಗಿನದೊಂದು: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರಲ್ಲಿ ಬಂದ ಕಾದಂಬರಿ.

ಮೂಡಿಗೆರೆಯ ಕಡೆಯ ಕೃಷಿಕನೊಬ್ಬ ಜೇನುತುಪ್ಪ ಕೊಳ್ಳಲು ಜೇನು ಸೊಸೈಟಿಗೆ ಹೋಗುತ್ತಾನೆ. ಕಥೆ ಶುರುವಾಗುವುದು ಅಷ್ಟರಿಂದಲೇ. ಅಲ್ಲಿಂದ ಮಂದಣ್ಣ ಗಂಟುಬೀಳುತ್ತಾನೆ. ಊರಿನ ಲೆಕ್ಕದಲ್ಲಿ ಅವನು ಶುದ್ಧ ಅಬ್ಬೇಪಾರಿ. ಅವನ ತಲೆಯಲ್ಲಿರುವುದು ಮದುವೆಯ ಚಿಂತೆ. ಇಂಥವನನ್ನು ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ ಶಿಷ್ಯನಂತೆ ಹತ್ತಿರ ಇಟ್ಟುಕೊಂಡಿದ್ದಾರೆ. ಏಕೆ? ಮಂದಣ್ಣ ಕಾಡಿನಲ್ಲಿ ಏನನ್ನೋ ನೋಡಿದ್ದಾನೆ. ಏನೆಂದು ನಾನು ಬಾಯಿಬಿಡುವುದಿಲ್ಲ.

ಬಿರಿಯಾನಿ ಕರಿಯಪ್ಪ, ಫೋಟೋಗ್ರಾಫರ್ ಪ್ರಭಾಕರ, ಕಿವಿ ಎಂಬ ನಾಯಿ, ಹೀಗೆ ಒಂದು ವಿಚಿತ್ರ ದಂಡೇ ಕಾಡಿಗೆ ಹೊರಡುತ್ತದೆ. ಬಿದ್ದು ಬಿದ್ದು ನಗುತ್ತಿರುವಾಗಲೇ ಪುಸ್ತಕ ಸದ್ದಿಲ್ಲದೆ ಗಂಭೀರವಾಗುತ್ತದೆ. ವಿಜ್ಞಾನವನ್ನು ಇಷ್ಟು ಸಲೀಸಾಗಿ ಕಥೆಗೆ ತಂದವರು ಕನ್ನಡದಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಚರ್ಚೆಗೆ ಸಿದ್ಧರಾಗಿ ಬನ್ನಿ. ಹೆಣ್ಣು ಪಾತ್ರಗಳಿಗೆ ಜಾಗ ಸಾಲದು ಎಂಬ ತಕರಾರು ನನ್ನದೇ ಇದೆ.

ಬೆನ್ನುಡಿ, ವಿಮರ್ಶೆಗಳನ್ನು ಮೊದಲೇ ಓದಬೇಡಿ. ಶಾಲೆ, ಕಾಲೇಜಿನಲ್ಲಿ ಓದಿದವರು ದಯವಿಟ್ಟು ಹೊಸಬರ ಮುಂದೆ ಗುಟ್ಟು ಒಡೆಯಬೇಡಿ. ಓದುತ್ತಾ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಇಲ್ಲಿ ನಿಜವಾದ ಗುರು ಯಾರು?

ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕಕ್ಕೆ, ಎಂದಿನ ಮಹಡಿಯಲ್ಲಿ ಸೇರೋಣ. ನನ್ನ ಬಳಿ ಎರಡು ಪ್ರತಿಗಳಿವೆ. ಮೊದಲು ಕೇಳಿದವರಿಗೆ ಕೊಡುತ್ತೇನೆ. ಅಂಚಿನಲ್ಲಿ ಪೆನ್ನಿನಿಂದ ಗೀಚದವರಿಗೆ ಆದ್ಯತೆ.