ಅಡಿಲೇಡಿನ ಮಾವನಿಗೆ

ಪೆರ್ಲ, ಕಾಸರಗೋಡು,
8 ಜೂನ್ 2025

ಪ್ರೀತಿಯ ಮಾವನಿಗೂ ಅತ್ತೆಗೂ ನಮಸ್ಕಾರಗಳು.

ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿ ಎಂಬ ನಿಮ್ಮ ಇಮೇಲ್ ಶುಕ್ರವಾರವೇ ಬಂತು. ಫೋನ್ ಮಾಡಿದರೆ ನಾನು ಮಾತು ಹಾರಿಸುತ್ತೇನೆ, ನೀವು "ನಿಧಾನಕ್ಕೆ ಯೋಚಿಸು" ಎನ್ನುತ್ತೀರಿ, ಮತ್ತೆ ಆರು ತಿಂಗಳು ಕಳೆಯುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಮಾವ, ನಾವು ಬರುವುದಿಲ್ಲ.

ನೀವು ಎಷ್ಟು ಓಡಾಡಿದ್ದೀರಿ ಎಂದು ನನಗೆ ಗೊತ್ತು. 491 ವೀಸಾಕ್ಕೆ ಸೋದರಮಾವನ ಪ್ರಾಯೋಜಕತ್ವವೂ ನಡೆಯುತ್ತದೆ, ಅದರಿಂದ 15 ಅಂಕ ಸಿಗುತ್ತದೆ ಎಂದು ಹುಡುಕಿ ತೆಗೆದವರು ನೀವು. ನರ್ಸ್‌ಗಳ ಪ್ರಾಯೋಗಿಕ ಪರೀಕ್ಷೆ ಅಡಿಲೇಡಿನಲ್ಲೇ ಆಗುತ್ತದೆ, ನಮ್ಮ ಮನೆಯಿಂದಲೇ ಹೋಗಿ ಬರೆಯಬಹುದು ಎಂದು ಅತ್ತೆ ಕೋಣೆಯನ್ನೂ ಸಿದ್ಧ ಮಾಡಿದ್ದಾರಂತೆ. ಅದಕ್ಕೂ ಮೊದಲು, ಅಪ್ಪ ತೀರಿಕೊಂಡ ವರ್ಷ ಮಂಗಳೂರಿನಲ್ಲಿ ನನ್ನ ನರ್ಸಿಂಗ್ ಶುಲ್ಕ ಕಟ್ಟಿದವರು ನೀವು. ಇವತ್ತು ನಾನು ಉಣ್ಣುವ ಅನ್ನದಲ್ಲಿ ನಿಮ್ಮ ಪಾಲಿದೆ. ಬೇಡ ಎನ್ನಲು ಇಷ್ಟು ದಿನ ಬಾಯಿ ಬಾರದೆ ಇದ್ದದ್ದೂ ಅದಕ್ಕೇ.

ಕಳೆದ ವರ್ಷ "ಅಮ್ಮನನ್ನು ಬಿಟ್ಟು ಹೇಗೆ ಬರಲಿ" ಎಂದಿದ್ದೆನಲ್ಲ, ಅದು ಅರ್ಧ ಸುಳ್ಳು. ಅಮ್ಮ "ಹೋಗು, ನನ್ನ ಹೆಸರು ಹೇಳಿ ಕೂರಬೇಡ" ಎಂದು ಅಂದೇ ಹೇಳಿದ್ದರು. ಇವರಿಗೂ ವಿರೋಧವಿಲ್ಲ, ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ತೋಟದ ಮೇಲೆ ಅವರಿಗೆ ಮೊದಲಿನ ಮೋಹವೂ ಉಳಿದಿಲ್ಲ. ಬೇಡ ಎನ್ನುತ್ತಿರುವುದು ನಾನೊಬ್ಬಳೇ.

ನನ್ನ ಕೆಲಸ ನಿಮಗೆ ಗೊತ್ತು: ಪಂಚಾಯತಿನ ಪಾಲಿಯೇಟಿವ್ ಜೀಪಿನಲ್ಲಿ ಮನೆಮನೆಗೆ ಹೋಗುವುದು. ಮೊನ್ನೆ ಪಡ್ರೆಯ ಕಡೆ ಒಬ್ಬ ಅಜ್ಜನ ಕ್ಯಾಥೆಟರ್ ಬದಲಿಸಲು ಹೋಗಿದ್ದೆವು. ಹೊಸದಾಗಿ ಬಂದ ಡಾಕ್ಟರ್ ಮಲಯಾಳದಲ್ಲಿ ನೋವು ಎಲ್ಲಿ ಎಂದು ಕೇಳಿದರು. ಅಜ್ಜ ಸುಮ್ಮನೆ ತಲೆಯಾಡಿಸಿದರು. ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಕೇಳಿದ್ದೇ ತಡ, ಹೊಟ್ಟೆಯ ಕೆಳಗೆ ಸೆಳೆತ, ತೊಡೆಯಲ್ಲಿ ಜೋಮು, ರಾತ್ರಿ ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಅಷ್ಟನ್ನೂ ಡಾಕ್ಟರಿಗೆ ಮಲಯಾಳದಲ್ಲಿ ದಾಟಿಸಿದೆ. ಮಾತ್ರೆ ಬದಲಾಯಿತು. ಅಡಿಲೇಡಿನಲ್ಲಿ ನಾನು ಇದಕ್ಕಿಂತ ಒಳ್ಳೆಯ ನರ್ಸ್ ಆಗಬಹುದು, ಆದರೆ ಇರುವೆ ಹರಿದ ಹಾಗೆ ಎಂಬುದನ್ನು ಅಲ್ಲಿ ನನ್ನ ಹತ್ತಿರ ಯಾರೂ ಹೇಳುವುದಿಲ್ಲ.

ಎಂಡೋಸಲ್ಫಾನ್ ಮನೆಗಳೂ ನಮ್ಮ ಪಟ್ಟಿಯಲ್ಲಿವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಬಿಡುವುದು 2000ದವರೆಗೂ ನಡೆಯಿತಲ್ಲ. ಆಗ ನಾನು ಐದನೆಯ ತರಗತಿ. ಸದ್ದು ಕೇಳಿದರೆ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಈಗ ನಾನು ಹೋಗುವ ಒಂದು ಮನೆಯಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಚಾಪೆಯ ಮೇಲೆ ಮಲಗಿದ್ದಾಳೆ. ಅವಳಿಗೆ ಮಾತಿಲ್ಲ. ಜೀಪಿನ ಸದ್ದು ಕೇಳಿದರೆ ಕುತ್ತಿಗೆಯನ್ನು ಬಾಗಿಲ ಕಡೆ ತಿರುಗಿಸುತ್ತಾಳೆ. ಅವಳ ಅಮ್ಮನಿಗೆ ಎಪ್ಪತ್ತು ದಾಟಿದೆ. "ನೀನೂ ಹೊರದೇಶಕ್ಕೆ ಹೋಗುತ್ತೀಯಂತೆ" ಎಂದು ಕಳೆದ ತಿಂಗಳು ಕೇಳಿದರು. ಊರಿನಲ್ಲಿ ಸುದ್ದಿ ಹೇಗೆ ಹಬ್ಬುತ್ತದೋ!

ಇದನ್ನು ತ್ಯಾಗ ಗೀಗ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಸಂಬಳ ಕಡಿಮೆ, ಅದೂ ಕೆಲವು ತಿಂಗಳು ತಡವಾಗಿ ಬರುತ್ತದೆ. ಮನೆ ಸಾಲ ಇನ್ನೂ ನಾಲ್ಕು ಲಕ್ಷ ಉಳಿದಿದೆ. ನನ್ನ ಜೊತೆ ಓದಿದವರು ಐರ್ಲೆಂಡ್, ಕುವೈತ್ ಎಂದು ಹಾಕುವ ಫೋಟೋ ಕಂಡರೆ ನನಗೂ ಹೊಟ್ಟೆಯುರಿಯುತ್ತದೆ. ಮಗಳು ದೊಡ್ಡವಳಾಗಿ "ಯಾಕಮ್ಮಾ ಹೋಗಲಿಲ್ಲ" ಎಂದು ಕೇಳಿದರೆ ಏನು ಹೇಳುವುದೋ ಗೊತ್ತಿಲ್ಲ. ಇಷ್ಟೆಲ್ಲ ಇದ್ದೂ, ಬೆಳಿಗ್ಗೆ ಜೀಪಿಗೆ ಕಾಯುತ್ತಾ ನಿಂತಾಗ ಬೇರೆ ಎಲ್ಲಿಗಾದರೂ ಹೋಗಬೇಕು ಎಂದು ನನಗೆ ಅನ್ನಿಸುವುದಿಲ್ಲ. ಕಾರಣ ಅಷ್ಟೇ.

ವೀಸಾಕ್ಕೆ 45 ವರ್ಷದವರೆಗೆ ಅವಕಾಶವಿದೆ, ಇವಳಿಗಿನ್ನೂ 36 ಎಂದು ನೀವು ಲೆಕ್ಕ ಹಾಕುತ್ತೀರಿ, ನನಗೆ ಗೊತ್ತು. ಹಾಗೆ ಕಾಯಬೇಡಿ. ಚಿಕ್ಕಮ್ಮನ ಮಗ ಇಂಗ್ಲಿಷ್ ಪರೀಕ್ಷೆಗೆ ತಾನಾಗಿಯೇ ಓದುತ್ತಿದ್ದಾನೆ. ನಿಮ್ಮ ಹತ್ತಿರ ಕೇಳಲು ಅವನಿಗೆ ಸಂಕೋಚ. ನೀವೇ ಒಮ್ಮೆ ಮಾತನಾಡಿಸಿ.

ಪರೀಕ್ಷೆಗೆಂದು ಕಳುಹಿಸಿದ ಅರುವತ್ತು ಸಾವಿರದಲ್ಲಿ ಕೋಚಿಂಗ್‌ಗೆ ಹನ್ನೊಂದು ಸಾವಿರ ಹೋಗಿದೆ. ಉಳಿದದ್ದನ್ನು ನಿಮ್ಮ ಇಲ್ಲಿಯ ಬ್ಯಾಂಕ್ ಖಾತೆಗೆ ಸೋಮವಾರ ಹಾಕುತ್ತೇನೆ, ಹನ್ನೊಂದನ್ನು ಅಡಿಕೆ ಕೊಟ್ಟ ಮೇಲೆ. ಬೇಡ ಎನ್ನಬೇಡಿ, ಓದಿಸಿದ ಹಣವನ್ನು ಹಿಂದಿರುಗಿಸುವುದು ನನ್ನಿಂದಾಗದು, ಇದಾದರೂ ಆಗಲಿ.

ಮಳೆ ಹಿಡಿದಿದೆ. ಇವರು ಅಡಿಕೆಗೆ ಸಿಂಪಡಿಸಲು ಮೈಲುತುತ್ತು, ಸುಣ್ಣ ತಂದಿಟ್ಟು ಬಿಸಿಲಿಗೆ ಕಾಯುತ್ತಿದ್ದಾರೆ. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾರೆ. ಡಿಸೆಂಬರಿನಲ್ಲಿ ಬಂದಾಗ ಒಯ್ಯಿರಿ. ಈ ಸಲವಾದರೂ ವಿಮಾನದಲ್ಲಿ ಕೊಡುವ ಫಾರ್ಮಿನಲ್ಲಿ ಅದನ್ನು ಬರೆದು ತೋರಿಸಿ.

ನಿಮ್ಮ ಸೊಸೆ,
ಸುಮ